ರಾತ್ರಿ ಬಂದ ಮೇಲ್, ಬೆಳಗಿನ ಜಾವದ ಲೆಕ್ಕ

ಮೈಸೂರಿನಲ್ಲಿ ನಾಲ್ಕು ಅಂಗಡಿಗಳಿರುವ ಒಂದು ಬೇಕರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಗಡಿ ನಾಲ್ಕಾದರೂ ಒಲೆ ಒಂದೇ, ಕುವೆಂಪುನಗರದ ಅಂಗಡಿಯ ಹಿಂದೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ನಾಲ್ಕೂ ಅಂಗಡಿಗಳ ಆ ದಿನದ ಮಾರಾಟವನ್ನು ಒಂದು ಫೈಲಿಗೆ ಸೇರಿಸಿ, ಹನ್ನೊಂದೂವರೆಯ ಸುಮಾರಿಗೆ ಮಾಲೀಕರಿಗೆ ಮೇಲ್ ಮಾಡುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಒಲೆಯ ಹತ್ತಿರ ಬರುವ ಮೇಸ್ತ್ರಿ ಹಿಟ್ಟು ಕಲಸುವ ಮೊದಲು ಕೇಳುವುದು ಒಂದೇ ಮಾತು: "ಅಣ್ಣಾ, ಇವತ್ತು ಖಾರಾ ಬನ್ ಎಷ್ಟು ಹಾಕ್ಲಿ?"

ಉತ್ತರ ಆ ಮೇಲ್‌ನ ಅಟ್ಯಾಚ್‌ಮೆಂಟಿನಲ್ಲೇ ಇದೆ. ಆದರೆ ಅದನ್ನು ತೆರೆದು ನೋಡುವವರು ಯಾರು? ಲೆಕ್ಕ ನೋಡಿಕೊಳ್ಳುವ ಹೆಣ್ಣುಮಗಳು ಬರುವುದು ಬೆಳಿಗ್ಗೆ ಒಂಬತ್ತಕ್ಕೆ. ಆಕೆ ಫೈಲ್ ಡೌನ್‌ಲೋಡ್ ಮಾಡಿ, ಸಾಲುಗಳನ್ನು ಕಾಪಿ ಮಾಡಿ, ಶೀಟಿಗೆ ಪೇಸ್ಟ್ ಮಾಡಿದ ಮೇಲೆ ಡ್ಯಾಶ್‌ಬೋರ್ಡಿನ ಚಿತ್ರ ಬದಲಾಗುತ್ತದೆ. ಅಷ್ಟು ಹೊತ್ತಿಗೆ ಬನ್ನು ಬೆಂದು, ಅಂಗಡಿಗೆ ಹೋಗಿ, ಅರ್ಧ ಮಾರಾಟವೂ ಆಗಿರುತ್ತದೆ. ಹೀಗಾಗಿ ಮಾಲೀಕರು ನೆನಪಿನ ಮೇಲೆ ಒಂದು ಸಂಖ್ಯೆ ಹೇಳುತ್ತಾರೆ. ಕೆಲವು ದಿನ ಸಂಜೆ ನಾಲ್ಕಕ್ಕೇ ಖಾರಾ ಬನ್ ಮುಗಿದಿರುತ್ತದೆ, ಕೆಲವು ದಿನ ರಾತ್ರಿ ಬುಟ್ಟಿಯಲ್ಲಿ ಉಳಿದಿರುತ್ತದೆ.

ನಡುವೆ ಮನುಷ್ಯರ ಕೈ ಇಲ್ಲದೆ, ಮೇಲ್‌ನಲ್ಲಿ ಬಂದ ಫೈಲನ್ನು ಓದಿ ಮೂರು ಗಂಟೆಯೊಳಗೆ ಡ್ಯಾಶ್‌ಬೋರ್ಡಿಗೆ ತಲುಪಿಸುವುದು ಹೇಗೆ ಎನ್ನುವುದೇ ಈ ಲೇಖನದ ವಿಷಯ. ಬಿಲ್ಲಿಂಗ್ ಸಾಫ್ಟ್‌ವೇರಿಗೂ ಡ್ಯಾಶ್‌ಬೋರ್ಡಿಗೂ ನೇರ ಸಂಪರ್ಕ ಕೊಡಬಹುದಲ್ಲ ಎಂದು ಕೇಳಬಹುದು. ಕೊಡಬಹುದು. ಆದರೆ ಸಣ್ಣ ವ್ಯಾಪಾರಿಗಳು ಬಳಸುವ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಅಂಥ ಸೌಲಭ್ಯ ಇರುವುದಿಲ್ಲ, ಇದ್ದರೂ ಅದಕ್ಕೆ ಬೇರೆ ದುಡ್ಡು. ದಿನಕ್ಕೊಂದು ರಿಪೋರ್ಟ್ ಮೇಲ್ ಮಾಡುವ ಸೌಲಭ್ಯ ಮಾತ್ರ ಸಾಮಾನ್ಯವಾಗಿ ಇರುತ್ತದೆ. ಅಂಗಡಿಗೆ ಸಿಗುವ ಸುಲಭದ ದಾರಿ ಅದೇ.

ಮೊದಲು ಫೈಲ್ ಏನೆಂದು ನೋಡೋಣ. ಮೇಲ್‌ಗೆ ಫೈಲ್ ಲಗತ್ತಿಸುವ ಪದ್ಧತಿಗೆ ಒಂದು ಸಾಮಾನ್ಯ ನಿಯಮ ಬಂದದ್ದು 1992ರಲ್ಲಿ. ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಆ ನಿಯಮಕ್ಕೆ ಮೈಮ್ ಎಂದು ಹೆಸರು. ಮೇಲ್ ಎಂಬುದು ಮೂಲತಃ ಬರೀ ಅಕ್ಷರಗಳನ್ನು ಸಾಗಿಸುವ ವ್ಯವಸ್ಥೆ. ಆದ್ದರಿಂದ ಯಾವ ಫೈಲಾದರೂ ಅಕ್ಷರಗಳ ವೇಷ ಹಾಕಿಕೊಂಡು, ಮೇಲ್‌ನ ಒಡಲಿನಲ್ಲೇ ಒಂದು ತುಂಡಾಗಿ ಬರುತ್ತದೆ. ಆ ತುಂಡನ್ನು ಬೇರ್ಪಡಿಸಿ ವೇಷ ಕಳಚುವ ಕೆಲಸವನ್ನು ಮೇಲ್ ಸೇವೆಯೇ ಮಾಡಿಕೊಡುತ್ತದೆ. ನಮಗೆ ಉಳಿಯುವುದು ಒಳಗಿನ ಫೈಲನ್ನು ಅರ್ಥ ಮಾಡಿಕೊಳ್ಳುವ ಕೆಲಸ.

ರಿಪೋರ್ಟನ್ನು ಯಾವ ರೂಪದಲ್ಲಿ ಕಳಿಸಬೇಕು ಎಂಬ ಆಯ್ಕೆ ಸಾಫ್ಟ್‌ವೇರಿನಲ್ಲಿದ್ದರೆ ಹಿಂದೆ ಮುಂದೆ ನೋಡದೆ ಸಿಎಸ್‌ವಿ ಆರಿಸಿ. ಪಿಡಿಎಫ್ ಕಣ್ಣಿಗೆ ಚೆಂದ, ಆದರೆ ಅದರಲ್ಲಿ ಸಾಮಾನ್ಯವಾಗಿ ಕೋಷ್ಟಕ ಎಂಬುದೇ ಇರುವುದಿಲ್ಲ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿರಬೇಕು ಎಂಬ ಸೂಚನೆ ಮಾತ್ರ ಇರುತ್ತದೆ, ಸಾಲು–ಕಾಲಂಗಳನ್ನು ನಾವೇ ಊಹಿಸಬೇಕು. ಎಕ್ಸೆಲ್ ಫೈಲನ್ನು ಓದಬಹುದು, ಒಂದು ಹೆಜ್ಜೆ ಹೆಚ್ಚು. ಇನ್ನೊಂದು ಜಾತಿಯಿದೆ: ಹೆಸರು `.xls` ಎಂದಿರುತ್ತದೆ, ತೆರೆದಾಗ ಫೈಲಿನ ರೂಪಕ್ಕೂ ಹೆಸರಿಗೂ ಹೊಂದಿಕೆಯಿಲ್ಲ ಎಂದು ಎಕ್ಸೆಲ್ ಎಚ್ಚರಿಸುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗೆ `<table` ಎಂದು ಕಾಣುತ್ತದೆ. ಅದು ಎಕ್ಸೆಲ್ ಅಲ್ಲ, ವೆಬ್ ಪುಟದ ತುಣುಕು. ಅದನ್ನು ಓದುವ ವಿಧಾನವೇ ಬೇರೆ.

ನಮ್ಮ ಬೇಕರಿಗೆ ಬರುವುದು ಸಿಎಸ್‌ವಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಹೀಗಿದೆ. ಎರಡೇ ಸಾಲು ಉಳಿಸಿಕೊಂಡಿದ್ದೇನೆ:

```
Date,Branch,ItemCode,Item,Qty,Amount
03/04/2025,KUV,0045,ಖಾರಾ ಬನ್,182,"2,730.00"
03/04/2025,KUV,0061,ದಿಲ್‌ಪಸಂದ್,46,"1,840.00"
Total,,,,228,"4,570.00"
```

ಇಷ್ಟು ಚಿಕ್ಕ ಫೈಲಿನಲ್ಲಿ ಎಡವಲು ಐದಾರು ಜಾಗಗಳಿವೆ. ಅವುಗಳಿಗೆ ಬರುವ ಮೊದಲು ಫೈಲ್ ಕೈಗೆ ಸಿಗುವ ಬಗೆ ನೋಡೋಣ.

ಜಿಮೇಲ್ ಬಳಸುವವರಿಗೆ ಗೂಗಲ್ ಶೀಟಿನ ಜೊತೆಯಲ್ಲೇ ಆ್ಯಪ್ಸ್ ಸ್ಕ್ರಿಪ್ಟ್ ಎಂಬ ಸೌಲಭ್ಯ ಸಿಗುತ್ತದೆ. ಶೀಟಿನ ಮೆನುವಿನಲ್ಲಿ `Extensions` ಒತ್ತಿದರೆ `Apps Script` ಕಾಣುತ್ತದೆ. ಅಲ್ಲಿ ಬರೆದ ಆದೇಶಗಳು ನಮ್ಮ ಕಂಪ್ಯೂಟರ್ ಆಫ್ ಆಗಿದ್ದರೂ ಗೂಗಲ್‌ನ ಕಡೆಯಲ್ಲೇ ಓಡುತ್ತವೆ. ಔಟ್‌ಲುಕ್ ಬಳಸುವ ಕಚೇರಿಗಳಲ್ಲಿ ಇದೇ ಕೆಲಸಕ್ಕೆ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಇದೆ. ದಾರಿ ಬೇರೆ, ಬರುವ ತೊಂದರೆಗಳು ಬಹುಪಾಲು ಒಂದೇ.

ಜಿಮೇಲ್‌ನ ಹುಡುಕು ಪೆಟ್ಟಿಗೆಯಲ್ಲಿ ನಾವು ಬರೆಯುವ ಮಾತನ್ನೇ ಸ್ಕ್ರಿಪ್ಟಿಗೂ ಕೊಡಬಹುದು: ಇಂಥವರಿಂದ ಬಂದ, ಇಂಥ ಸಬ್ಜೆಕ್ಟ್ ಇರುವ, ಅಟ್ಯಾಚ್‌ಮೆಂಟ್ ಇರುವ, ಈಚಿನ ಮೂರು ದಿನಗಳ ಮೇಲ್.

```javascript
function readReports() {
  const q = 'from:reports@example.com subject:"Daily Sales" '
          + 'has:attachment newer_than:3d';
  const msgs = GmailApp.search(q)
    .flatMap(t => t.getMessages())
    .filter(m => !isDone(m.getId()))
    .sort((a, b) => a.getDate() - b.getDate());

  msgs.forEach(m => {
    m.getAttachments().forEach(f => {
      if (!/\.csv$/i.test(f.getName())) return;
      const text = f.getDataAsString('UTF-8').replace(/^\uFEFF/, '');
      saveDay(Utilities.parseCsv(text));
    });
    markDone(m.getId());
  });
}
```

ಇದರಲ್ಲಿ `isDone`, `markDone`, `saveDay` ಎಂಬ ಮೂರು ತುಣುಕುಗಳನ್ನು ನಾವೇ ಬರೆದುಕೊಳ್ಳಬೇಕು. ಮೊದಲ ಎರಡು ಸರಳ. ಸರ್ಕಾರಿ ಕಚೇರಿಯ ಇನ್‌ವರ್ಡ್ ರಿಜಿಸ್ಟರ್ ಇದ್ದಂತೆ, ಶೀಟಿನ ಇನ್ನೊಂದು ಟ್ಯಾಬಿನಲ್ಲಿ ಓದಿ ಮುಗಿಸಿದ ಪ್ರತಿ ಮೇಲ್‌ನ ಗುರುತಿನ ಸಂಖ್ಯೆ, ಅದು ಬಂದ ಹೊತ್ತು, ಅದರಿಂದ ಎಷ್ಟು ಸಾಲು ಸಿಕ್ಕವು ಎಂದು ಬರೆದಿಡುವುದು. ಮುಂದಿನ ಸಲ ಅದೇ ಸಂಖ್ಯೆ ಕಂಡರೆ ಬಿಟ್ಟು ಮುಂದೆ ಹೋಗುವುದು.

ಈ ರಿಜಿಸ್ಟರ್ ಯಾಕೆ ಬೇಕು? ಹೊಸಬರು ಬರೆದ ಸ್ಕ್ರಿಪ್ಟುಗಳು ಬಹಳ ಸಲ ಕೆಡುವುದೇ ಇದಿಲ್ಲದೆ. ಜಿಮೇಲ್ ಹುಡುಕಿದಾಗ ಸಿಗುವುದು ಬಿಡಿ ಮೇಲ್ ಅಲ್ಲ, ಮೇಲ್‌ಗಳ ಸರಣಿ. ಒಬ್ಬರೇ ಕಳಿಸಿದ, ಒಂದೇ ಸಬ್ಜೆಕ್ಟಿನ ಮೇಲ್‌ಗಳನ್ನು ಜಿಮೇಲ್ ಒಂದೇ ಸಂಭಾಷಣೆಯಾಗಿ ಕಟ್ಟಿಬಿಡಬಹುದು. ದಿನದ ರಿಪೋರ್ಟಿನ ಸಬ್ಜೆಕ್ಟ್ ದಿನವೂ ಒಂದೇ ತಾನೇ? ಹಾಗಾಗಿ ಇವತ್ತಿನ ಮೇಲ್ ಹುಡುಕಿದರೆ ಅದರ ಬೆನ್ನಿಗೆ ನಿನ್ನೆಯದು, ಮೊನ್ನೆಯದು, ಹೋದ ವಾರದ್ದು ಎಲ್ಲ ಬರುತ್ತವೆ. `getMessages` ಎಂದಾಗ ಸರಣಿಯ ಎಲ್ಲ ಮೇಲ್‌ಗಳೂ ಬರುವುದರಿಂದ ಮೂರು ದಿನದ ಮಿತಿಯೂ ಇಲ್ಲಿ ಕಾಯುವುದಿಲ್ಲ. ಸಿಕ್ಕಿದ್ದನ್ನೆಲ್ಲ ಶೀಟಿನ ಕೊನೆಗೆ ಸೇರಿಸುತ್ತ ಹೋದರೆ ಹಳೆಯ ದಿನಗಳ ಮಾರಾಟ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಸೋಮವಾರ 182 ಇದ್ದ ಖಾರಾ ಬನ್ ಮಂಗಳವಾರ ನೋಡಿದರೆ 364, ಬುಧವಾರ 546. ಕಳೆದುಹೋದ ದಿನದ ಲೆಕ್ಕ ಬದಲಾಗುತ್ತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಸರಣಿಯಲ್ಲಿ ಯಾರಾದರೂ ಉತ್ತರ ಬರೆದಿದ್ದರೆ ಅದೂ ಸೇರಿ ಬರುತ್ತದೆ, ಆದ್ದರಿಂದ ಕಳಿಸಿದವರು ಯಾರೆಂದು ಪ್ರತಿ ಮೇಲ್‌ನಲ್ಲೂ ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೇಲ್‌ಗಳನ್ನು ಬಂದ ಹೊತ್ತಿನ ಪ್ರಕಾರ ಜೋಡಿಸುವ `sort` ಸಾಲು ಅಲಂಕಾರಕ್ಕಿಲ್ಲ. ರಾತ್ರಿ ರಿಪೋರ್ಟ್ ಬಂತು, ಆಮೇಲೆ ಒಂದು ಬಿಲ್ ತಪ್ಪಾಗಿತ್ತೆಂದು ತಿಳಿದು ಅಂಗಡಿಯವರು ಸರಿಮಾಡಿ ಅದೇ ದಿನದ ರಿಪೋರ್ಟನ್ನು ಇನ್ನೊಮ್ಮೆ ಕಳಿಸಿದರು ಎನ್ನೋಣ. ಈಗ ಒಂದೇ ದಿನಕ್ಕೆ ಎರಡು ಫೈಲ್. ಉಳಿಯಬೇಕಾದದ್ದು ಎರಡನೆಯದು. ಆದರೆ ಜಿಮೇಲ್ ಹುಡುಕಿದಾಗ ಹೊಸ ಸರಣಿಗಳನ್ನು ಮೊದಲು ಕೊಡುತ್ತದೆ. ಅದೇ ಕ್ರಮದಲ್ಲಿ ಬರೆದರೆ ಸರಿ ಮಾಡಿದ ಲೆಕ್ಕದ ಮೇಲೆ ತಪ್ಪು ಲೆಕ್ಕ ಕೂತುಬಿಡುತ್ತದೆ, ಯಾವ ದೋಷದ ಸೂಚನೆಯೂ ಇಲ್ಲದೆ.

ಇನ್ನು `saveDay`. ಶೀಟಿಗೆ ಬರೆಯುವ ಈ ತುಣುಕು ಪಾಲಿಸಬೇಕಾದ ನಿಯಮ ಇಷ್ಟು: ಫೈಲಿನಲ್ಲಿ ಯಾವ ತಾರೀಕಿದೆಯೋ ಆ ತಾರೀಕಿನ ಹಳೆಯ ಸಾಲುಗಳಿದ್ದರೆ ಮೊದಲು ತೆಗೆದುಹಾಕು, ಆಮೇಲೆ ಹೊಸದನ್ನು ಬರೆ. ಅಂಗಡಿಗೊಂದು ಮೇಲ್ ಬೇರೆ ಬೇರೆ ಬರುವುದಾದರೆ ತಾರೀಕು ಮತ್ತು ಅಂಗಡಿ ಎರಡನ್ನೂ ನೋಡಿ ತೆಗೆಯಬೇಕು. ಹೀಗೆ ಮಾಡಿದರೆ ಒಂದೇ ಫೈಲನ್ನು ಎಷ್ಟು ಸಲ ಓದಿದರೂ ಫಲಿತಾಂಶ ಒಂದೇ. ರಿಜಿಸ್ಟರ್ ಕಳೆದುಹೋದರೂ ಲೆಕ್ಕ ದುಪ್ಪಟ್ಟಾಗುವುದಿಲ್ಲ. ತಾರೀಕನ್ನು ಫೈಲಿನೊಳಗಿಂದಲೇ ತೆಗೆದುಕೊಳ್ಳಬೇಕು, ಮೇಲ್ ಬಂದ ದಿನದಿಂದಲ್ಲ. ಹಬ್ಬದ ಹಿಂದಿನ ರಾತ್ರಿ ಅಂಗಡಿ ಮುಚ್ಚುವುದು ತಡವಾಗಿ ಮೇಲ್ ಹನ್ನೆರಡು ದಾಟಿ ಬಂದರೆ, ಮೇಲ್‌ನ ತಾರೀಕು ನಂಬಿದವರ ಲೆಕ್ಕದಲ್ಲಿ ಹಬ್ಬದ ಮುನ್ನಾದಿನ ಖಾಲಿ ಇರುತ್ತದೆ.

ಈಗ ಆ ಫೈಲಿನ ಎರಡನೆಯ ಸಾಲಿಗೆ ಮರಳೋಣ. `03/04/2025` ಎಂದರೆ ನಮಗೆ ಏಪ್ರಿಲ್ 3, ಗುರುವಾರ. ಗೂಗಲ್ ಶೀಟಿಗೆ? ಅದು ಆ ಶೀಟಿನ ಸೆಟ್ಟಿಂಗಿನಲ್ಲಿ ಯಾವ ದೇಶ ಎಂದಿದೆ ಎನ್ನುವುದನ್ನು ಅವಲಂಬಿಸಿದೆ. ಅಮೆರಿಕ ಎಂದಿದ್ದರೆ ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಶೀಟ್ ಅದನ್ನು ಮಾರ್ಚ್ 4 ಎಂದು ಓದುತ್ತದೆ. ಭಾರತದಲ್ಲಿ ಕೂತು ತೆರೆದ ಶೀಟಿನಲ್ಲೂ ಎಷ್ಟೋ ಸಲ ಅಮೆರಿಕ ಎಂದೇ ಇರುತ್ತದೆ, ಖಾತೆಯ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ.

ಈ ತಪ್ಪು ಹೇಗೆ ಹರಡುತ್ತದೆ ನೋಡಿ. ಏಪ್ರಿಲ್ 1ರ ಮಾರಾಟ ಜನವರಿ 4ಕ್ಕೆ ಹೋಗುತ್ತದೆ, 2ರದ್ದು ಫೆಬ್ರುವರಿ 4ಕ್ಕೆ, 3ರದ್ದು ಮಾರ್ಚ್ 4ಕ್ಕೆ. ಏಪ್ರಿಲ್ 4ರದ್ದು ಮಾತ್ರ ಅದೃಷ್ಟವಶಾತ್ ಏಪ್ರಿಲ್ 4ರಲ್ಲೇ ಉಳಿಯುತ್ತದೆ. 5ರದ್ದು ಮೇ 4ಕ್ಕೆ, ಅಂದರೆ ಇನ್ನೂ ಬಾರದ ದಿನಕ್ಕೆ. ಹೀಗೆ 12ರವರೆಗೆ ನಡೆದು, 12ರ ಮಾರಾಟ ಡಿಸೆಂಬರ್ 4ಕ್ಕೆ ಹೋಗಿ ಕೂರುತ್ತದೆ. 13ರಿಂದ ಆಟ ಬದಲಾಗುತ್ತದೆ. ಹದಿಮೂರನೆಯ ತಿಂಗಳು ಇಲ್ಲವಲ್ಲ, ಶೀಟ್ ಅದನ್ನು ತಾರೀಕು ಎಂದು ಒಪ್ಪದೆ ಬರೀ ಅಕ್ಷರಗಳಾಗಿ ಇಟ್ಟುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ದಿನವಾರು ಗೆರೆಯಲ್ಲಿ ಅವಕ್ಕೆ ಜಾಗವೇ ಸಿಗುವುದಿಲ್ಲ.

ಪತ್ತೆ ಹಚ್ಚಲು ಎರಡು ಗುರುತುಗಳಿವೆ. ಒಂದು, ಮುಂದಿನ ತಿಂಗಳುಗಳಲ್ಲಿ ಮಾರಾಟ ಕಾಣುವುದು. ಇನ್ನೊಂದನ್ನು ಶೀಟಿನಲ್ಲೇ ಕಣ್ಣಾರೆ ನೋಡಬಹುದು: ನಾವಾಗಿ ಬದಲಿಸದಿದ್ದರೆ ತಾರೀಕುಗಳು ಮನೆಯ ಬಲಕ್ಕೆ ಆತುಕೊಂಡಿರುತ್ತವೆ, ಬರೀ ಅಕ್ಷರಗಳು ಎಡಕ್ಕೆ. ಒಂದೇ ಕಾಲಂನಲ್ಲಿ ಹನ್ನೆರಡು ದಿನದ ಸಾಲುಗಳು ಬಲಕ್ಕೂ ಉಳಿದವು ಎಡಕ್ಕೂ ನಿಂತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಪರಿಹಾರ ಎಂದರೆ ಊಹೆಗೆ ಅವಕಾಶ ಕೊಡದಿರುವುದು. ಸ್ಕ್ರಿಪ್ಟೇ ಮೂರು ತುಂಡು ಮಾಡಿ ವರ್ಷ, ತಿಂಗಳು, ದಿನ ಎಂದು ಕೊಡಬೇಕು:

```javascript
const [d, m, y] = row[0].split('/').map(Number);
const day = new Date(y, m - 1, d);
```

ತಿಂಗಳಿನಲ್ಲಿ ಒಂದು ಕಳೆದಿರುವುದು ತಪ್ಪಲ್ಲ, ಈ ಭಾಷೆಯಲ್ಲಿ ಜನವರಿಯನ್ನು ಸೊನ್ನೆ ಎಂದು ಎಣಿಸುತ್ತಾರೆ. ಇದರ ಜೊತೆಗೆ ಶೀಟಿನ ದೇಶವನ್ನು ಭಾರತಕ್ಕೂ, ಶೀಟು ಮತ್ತು ಸ್ಕ್ರಿಪ್ಟ್ ಎರಡರ ಸಮಯ ವಲಯವನ್ನೂ `Asia/Kolkata`ಕ್ಕೂ ಬದಲಿಸಿಬಿಡಬೇಕು.

ಉಳಿದವು ಸ್ವಲ್ಪ ಸಲೀಸು. `"2,730.00"` ಎಂಬಲ್ಲಿ ಅಲ್ಪವಿರಾಮ ಮೊತ್ತದ ಒಳಗೇ ಇದೆ. ಸಾಲನ್ನು ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸಿದರೆ ಎರಡು ಸಾವಿರದ ಏಳುನೂರ ಮೂವತ್ತು ರೂಪಾಯಿ ಒಡೆದು, 2 ಒಂದು ಕಾಲಂನಲ್ಲಿ, 730 ಪಕ್ಕದಲ್ಲಿ ಬೀಳುತ್ತದೆ. `Utilities.parseCsv` ಉದ್ಧರಣ ಚಿಹ್ನೆಯ ಒಳಗಿನದನ್ನು ಮುಟ್ಟುವುದಿಲ್ಲ. ಆಮೇಲೆ ಅಲ್ಪವಿರಾಮ ತೆಗೆದು ಸಂಖ್ಯೆಯಾಗಿಸಿಕೊಳ್ಳಬೇಕು. `0045` ಎಂಬ ಕೋಡನ್ನು ಶೀಟ್ ಸಂಖ್ಯೆ ಎಂದು ಭಾವಿಸಿ 45 ಮಾಡುತ್ತದೆ. ಆಗ ಪದಾರ್ಥಗಳ ಮೂಲಪಟ್ಟಿಯಲ್ಲಿರುವ 0045ರ ಜೊತೆ ಅದು ಕೂಡಿಕೊಳ್ಳುವುದಿಲ್ಲ. ಆ ಕಾಲಂ ಬರೀ ಅಕ್ಷರಗಳದ್ದು ಎಂದು ಮೊದಲೇ ನಿಗದಿ ಮಾಡಬೇಕು.

ಕನ್ನಡದ ಹೆಸರುಗಳಿರುವ ಫೈಲಿಗೆ ಇನ್ನೊಂದು ಎಚ್ಚರ ಬೇಕು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ವ್ಯಂಜನ ಮೂರು ಬೈಟ್ ಹಿಡಿಯುತ್ತದೆ. ಅದನ್ನು ಹಳೆಯ ವಿಂಡೋಸ್ ಕ್ರಮದಲ್ಲಿ ಓದಿದರೆ ಮೂರೂ ಬೈಟುಗಳು ಬೇರೆ ಬೇರೆ ಅಕ್ಷರಗಳಾಗಿ, ‘ಬ’ ಇದ್ದಲ್ಲಿ `à²¬` ಕಾಣುತ್ತದೆ. ಶೀಟಿನ ತುಂಬ `à²` ಎಂದು ಕಂಡರೆ ಫೈಲ್ ಹಾಳಾಗಿಲ್ಲ, ಓದಿದ ಕ್ರಮ ತಪ್ಪಾಗಿದೆ ಅಷ್ಟೇ. ಮೇಲಿನ ಸ್ಕ್ರಿಪ್ಟಿನಲ್ಲಿ `'UTF-8'` ಎಂದು ಬರೆದಿರುವುದು ಇದಕ್ಕೇ. ಪಕ್ಕದಲ್ಲಿರುವ `\uFEFF` ಫೈಲಿನ ತೀರಾ ಮೊದಲಿಗೆ ಕೆಲವು ಸಾಫ್ಟ್‌ವೇರ್‌ಗಳು ಹಾಕುವ, ಕಣ್ಣಿಗೆ ಕಾಣದ ಒಂದು ಗುರುತು. ಅದನ್ನು ತೆಗೆಯದಿದ್ದರೆ ಮೊದಲ ಶೀರ್ಷಿಕೆ ನೋಡಲು `Date` ಎಂದೇ ಇದ್ದರೂ ಸ್ಕ್ರಿಪ್ಟ್ ಅದು `Date` ಅಲ್ಲ ಎನ್ನುತ್ತದೆ.

ಕೊನೆಯ ಸಾಲು `Total`. ಇದನ್ನೂ ಮಾರಾಟವೆಂದು ಶೀಟಿಗೆ ಬರೆದರೆ ದಿನದ ಮೊತ್ತ ಕರಾರುವಾಕ್ಕಾಗಿ ಎರಡು ಪಟ್ಟಾಗುತ್ತದೆ. ಅದಕ್ಕೆಂದು ಓದುವ ಮೊದಲೇ ಅದನ್ನು ಕಿತ್ತೆಸೆಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಫೈಲಿನಲ್ಲಿ ಅದಕ್ಕಿಂತ ಬೆಲೆಯುಳ್ಳ ಸಾಲಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ತಾನೇ ಕೂಡಿಸಿದ ಮೊತ್ತ ಅದು. ಮೇಲಿನ ಸಾಲುಗಳನ್ನು ಸ್ಕ್ರಿಪ್ಟ್ ಕೂಡಿಸಲಿ: 182 ಮತ್ತು 46 ಸೇರಿ 228, ಅಲ್ಲಿಯೂ 228. 2,730 ಮತ್ತು 1,840 ಸೇರಿ 4,570, ಅಲ್ಲಿಯೂ 4,570. ಎರಡೂ ತಾಳೆಯಾದರೆ ಮಾತ್ರ ಶೀಟಿಗೆ ಬರೆಯಬೇಕು. ಇಲ್ಲದಿದ್ದರೆ ಏನನ್ನೂ ಬರೆಯದೆ `throw` ಮಾಡಿ ನಿಲ್ಲಬೇಕು. ಅಲ್ಪವಿರಾಮದ ತಪ್ಪು, ಅರ್ಧಕ್ಕೆ ತುಂಡಾದ ಫೈಲ್, ಬಿಟ್ಟುಹೋದ ಸಾಲು ಇವೆಲ್ಲ ಈ ಒಂದು ತಾಳೆಯಲ್ಲಿ ಸಿಕ್ಕಿಬೀಳುತ್ತವೆ. ಇದೇ ಜಾಗದಲ್ಲಿ ಶೀರ್ಷಿಕೆಯ ಸಾಲು ನಾವು ನಿರೀಕ್ಷಿಸಿದಂತೆಯೇ ಇದೆಯೇ ಎಂದೂ ನೋಡಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನ `Qty` ಪಕ್ಕದಲ್ಲಿ `Discount` ಎಂಬ ಹೊಸ ಕಾಲಂ ಬಂದು ಕೂತರೆ, ಆರನೆಯ ಕಾಲಂ ಮೊತ್ತ ಎಂದು ನಂಬಿಕೊಂಡ ಸ್ಕ್ರಿಪ್ಟ್ ರಿಯಾಯಿತಿಯನ್ನೇ ಮಾರಾಟವೆಂದು ಬರೆಯುತ್ತದೆ. ಹೀಗೆ ನಿಂತಾಗ `markDone` ತನಕ ಕೆಲಸ ಬರುವುದೇ ಇಲ್ಲ, ಆದ್ದರಿಂದ ಆ ಮೇಲ್ ಓದದ್ದಾಗಿಯೇ ಉಳಿಯುತ್ತದೆ. ತೊಂದರೆ ಸರಿಪಡಿಸಿದ ಮೇಲೆ ತಾನಾಗಿ ಓದಿಕೊಳ್ಳುತ್ತದೆ.

ಇದೆಲ್ಲ ಯಾವಾಗ ಓಡಬೇಕು? ಮೇಲ್ ಬಂದ ಕೂಡಲೇ ಓಡು ಎಂದು ಹೇಳುವ ಸರಳ ದಾರಿ ಆ್ಯಪ್ಸ್ ಸ್ಕ್ರಿಪ್ಟಿನಲ್ಲಿಲ್ಲ. ಇರುವುದು ಗಡಿಯಾರದ ಟ್ರಿಗರ್. ದಿನಕ್ಕೊಮ್ಮೆ ರಾತ್ರಿ ಒಂದರಿಂದ ಎರಡರೊಳಗೆ ಎಂದು ಇಡಬಹುದು, ಆ ಗಂಟೆಯೊಳಗೆ ಎಷ್ಟು ಹೊತ್ತಿಗೆ ಎಂಬುದನ್ನು ಗೂಗಲ್ ನಿರ್ಧರಿಸುತ್ತದೆ. ಮೇಲ್ ಎರಡೂಕಾಲಿಗೆ ಬಂದರೆ ಆ ದಿನ ಕೈತಪ್ಪಿತು. ಅದಕ್ಕಿಂತ ಗಂಟೆಗೊಮ್ಮೆ ಓಡಿಸುವುದು ಲೇಸು. ರಿಜಿಸ್ಟರ್ ಇರುವುದರಿಂದ ಹೊಸ ಮೇಲ್ ಇಲ್ಲದ ಹೊತ್ತಿನಲ್ಲಿ ಸ್ಕ್ರಿಪ್ಟ್ ಬಂದು, ನೋಡಿ, ಸುಮ್ಮನೆ ಹೋಗುತ್ತದೆ. ಒಂದು ಸಲಕ್ಕೆ ಆರು ನಿಮಿಷಕ್ಕಿಂತ ಹೆಚ್ಚು ಓಡುವಂತಿಲ್ಲ ಎಂಬ ಮಿತಿ ಇದೆ, ಬೇಕರಿಯ ಫೈಲಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಶೀಟಿಗೆ ಬಂದದ್ದನ್ನು ಚಿತ್ರವಾಗಿ ತೋರಿಸುವ ಕೆಲಸ ಲುಕರ್ ಸ್ಟುಡಿಯೋದ್ದು. ಶೀಟನ್ನು ಒಮ್ಮೆ ಜೋಡಿಸಿದರೆ ಆಮೇಲೆ ಯಾರೂ ಮುಟ್ಟಬೇಕಿಲ್ಲ. ಆದರೆ ಅದು ಪ್ರತಿ ಸಲವೂ ಶೀಟಿಗೆ ಹೋಗಿ ನೋಡುವುದಿಲ್ಲ. ಶೀಟಿನಿಂದ ಬರುವ ಮಾಹಿತಿಯನ್ನು ನಾವು ಬದಲಿಸದಿದ್ದರೆ ಹದಿನೈದು ನಿಮಿಷದ ತನಕ ತಾಜಾ ಎಂದೇ ಎಣಿಸುತ್ತದೆ. ಎರಡೂವರೆಗೆ ಶೀಟಿಗೆ ಬಂದ ಲೆಕ್ಕ ಎರಡೂಮುಕ್ಕಾಲಿಗೆ ಖಂಡಿತ ಕಾಣುತ್ತದೆ, ನಮ್ಮ ಮೇಸ್ತ್ರಿಗೆ ಅಷ್ಟು ಸಾಕು.

ಇನ್ನು ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿರುವ ವಿಷಯ: ಮೇಲ್ ಬಾರದ ದಿನ. ಅಂಗಡಿಯಲ್ಲಿ ಇಂಟರ್‌ನೆಟ್ ಹೋಗಿರಬಹುದು, ಮೇಲ್ ಸ್ಪ್ಯಾಮಿಗೆ ಬಿದ್ದಿರಬಹುದು. ಸಾಮಾನ್ಯ ಹುಡುಕಾಟ ಸ್ಪ್ಯಾಮ್ ಒಳಗೆ ನೋಡುವುದಿಲ್ಲ, ಮೂವತ್ತು ದಿನವಾದ ಮೇಲೆ ಅಲ್ಲಿಂದ ಮೇಲ್ ಅಳಿದೂ ಹೋಗುತ್ತದೆ. ಫೈಲ್ ಕೆಟ್ಟಿದ್ದರೆ ಸ್ಕ್ರಿಪ್ಟ್ ಕೂಗಿ ಹೇಳುತ್ತದೆ, ಟ್ರಿಗರ್ ವಿಫಲವಾಯಿತೆಂದು ಗೂಗಲ್ ನಮಗೆ ಮೇಲ್ ಕಳಿಸುತ್ತದೆ. ಫೈಲೇ ಬಾರದಿದ್ದರೆ ಸ್ಕ್ರಿಪ್ಟಿನ ದೃಷ್ಟಿಯಲ್ಲಿ ಏನೂ ತಪ್ಪಾಗಿಲ್ಲ. ಹುಡುಕಿತು, ಸಿಗಲಿಲ್ಲ, ಮುಗಿಯಿತು. ಡ್ಯಾಶ್‌ಬೋರ್ಡ್ ಎಂದಿನಂತೆ ಅಚ್ಚುಕಟ್ಟಾಗಿ ಕಾಣುತ್ತಿರುತ್ತದೆ, ಮೊನ್ನೆಯ ಲೆಕ್ಕ ಹೊತ್ತುಕೊಂಡು. ಅದರ ಕೆಳಗೆ `Data Last Updated` ಎಂದು ಈ ಬೆಳಗಿನ ಹೊತ್ತೂ ಇರುತ್ತದೆ. ಆ ಹೊತ್ತು ಹೇಳುವುದು ಶೀಟನ್ನು ಯಾವಾಗ ನೋಡಿ ಬಂದೆ ಎಂದು, ಶೀಟಿನಲ್ಲಿರುವುದು ಯಾವ ದಿನದ ಮಾರಾಟ ಎಂದಲ್ಲ.

ಇದರ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ನೋಡೋಣ. ಏಪ್ರಿಲ್ 10ರ ಗುರುವಾರಕ್ಕೆ ಕುವೆಂಪುನಗರದ ಅಂಗಡಿಗೆ ಎಷ್ಟು ಖಾರಾ ಬನ್ ಹಾಕಬೇಕು ಎಂದು ಹಿಂದಿನ ನಾಲ್ಕು ಗುರುವಾರಗಳ ಸರಾಸರಿ ತೆಗೆಯುವ ಸೂತ್ರ ಡ್ಯಾಶ್‌ಬೋರ್ಡಿನಲ್ಲಿದೆ. ಮಾರ್ಚ್ 13ರಂದು 190 ಹೋಗಿತ್ತು, 27ರಂದು 176, ಏಪ್ರಿಲ್ 3ರಂದು 182. ಮಾರ್ಚ್ 20ರ ರಿಪೋರ್ಟ್ ಬರಲೇ ಇಲ್ಲ. ಇರುವ ಮೂರರ ಮೊತ್ತ 548. ಸೂತ್ರ ಬರೆದವರು ಮೊತ್ತವನ್ನು ನಾಲ್ಕರಿಂದ ಭಾಗಿಸಿದ್ದರೆ ಉತ್ತರ 137. ಮೂರರಿಂದ ಭಾಗಿಸಿದ್ದರೆ ಸುಮಾರು 183. ಮೂರು ವಾರದ ಹಿಂದೆ ಬಾರದ ಒಂದು ಮೇಲ್ ಈ ಗುರುವಾರ 46 ಬನ್ನು ಕಡಿಮೆ ಮಾಡಿಸುತ್ತದೆ. ಸಂಜೆ ನಾಲ್ಕಕ್ಕೆ ಬುಟ್ಟಿ ಖಾಲಿಯಾದಾಗ ಆ ಮೇಲ್ ಯಾರ ನೆನಪಿಗೂ ಬರುವುದಿಲ್ಲ. ಇಷ್ಟು ಸಾಲದೆಂಬಂತೆ, ಕಡಿಮೆ ಹಾಕಿದ್ದರಿಂದ ಕಡಿಮೆ ಮಾರಾಟವಾದ 137 ಮುಂದಿನ ವಾರದ ಸರಾಸರಿಗೂ ಸೇರಿಕೊಂಡು ಅದನ್ನೂ ಕೆಳಗೆ ಎಳೆಯುತ್ತದೆ.

ಹೀಗಾಗಿ ‘ಮಾರಾಟ ಸೊನ್ನೆ’ ಮತ್ತು ‘ಲೆಕ್ಕ ಬಂದಿಲ್ಲ’ ಎಂಬ ಎರಡನ್ನು ಶೀಟಿನಲ್ಲಿ ಬೇರೆ ಬೇರೆ ಇಡಲೇಬೇಕು. ಅದಕ್ಕೊಂದು ದಿನಚರಿ ಟ್ಯಾಬ್ ಮಾಡಿ, ಪ್ರತಿ ತಾರೀಕು ಮತ್ತು ಪ್ರತಿ ಅಂಗಡಿಗೆ ಒಂದು ಸಾಲಿನಂತೆ, ‘ಬಂತು’, ‘ಬಂದಿಲ್ಲ’, ‘ರಜೆ’ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ಸರಾಸರಿ ತೆಗೆಯುವಾಗ ‘ಬಂತು’ ಎಂದಿರುವ ದಿನಗಳನ್ನಷ್ಟೇ ಎಣಿಸಬೇಕು. ಇದರ ಜೊತೆಗೆ ಕಾವಲಿಗೆ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಇರಲಿ. ಅದು ಬೆಳಗಿನ ಜಾವ ಎರಡರಿಂದ ಮೂರರೊಳಗೆ ಎದ್ದು ನಿನ್ನೆಯ ತಾರೀಕಿಗೆ ನಾಲ್ಕೂ ಅಂಗಡಿಗಳ ಸಾಲು ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಮಾಲೀಕರಿಗೂ ಲೆಕ್ಕದವರಿಗೂ ಮೇಲ್ ಮಾಡಲಿ, ದಿನಚರಿಯಲ್ಲಿ ‘ಬಂದಿಲ್ಲ’ ಎಂದು ಬರೆಯಲಿ. ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರಬೇಕಾದದ್ದು ಮಾರಾಟದ ಮೊತ್ತವಲ್ಲ, ಶೀಟಿನಲ್ಲಿರುವ ಕೊನೆಯ ಮಾರಾಟದ ತಾರೀಕು. ನಿದ್ದೆಗಣ್ಣಿನಲ್ಲಿ ಮೊಬೈಲ್ ನೋಡುವವರಿಗೆ ‘ಏಪ್ರಿಲ್ 8ರ ತನಕದ ಲೆಕ್ಕ’ ಎಂದು ಕಂಡರೆ, 9ರದ್ದು ಬಂದಿಲ್ಲ ಎಂಬುದು ತಾನಾಗಿ ಹೊಳೆಯುತ್ತದೆ. ಆಗ ನೆನಪಿನ ಮೇಲೆ ಸಂಖ್ಯೆ ಹೇಳುವುದೇ ಸರಿಯಾದ ದಾರಿ.

ಈ ಸ್ಕ್ರಿಪ್ಟಿಗೆ ಅನುಮತಿ ಕೊಡುವಾಗ ಗೂಗಲ್ ಒಂದು ಪುಟ ತೋರಿಸುತ್ತದೆ, ಅದನ್ನು ಓದದೆ ಒತ್ತಬಾರದು. ಮೇಲ್ ಹುಡುಕುವ ಅನುಮತಿ ಎಂದರೆ ಆ ಖಾತೆಯ ಎಲ್ಲ ಮೇಲ್‌ಗಳ ಅನುಮತಿ, ಬ್ಯಾಂಕಿನದ್ದೂ ಸೇರಿದಂತೆ. ಆದ್ದರಿಂದ ರಿಪೋರ್ಟುಗಳಿಗೆಂದೇ ಬೇರೆ ಜಿಮೇಲ್ ಖಾತೆ ತೆರೆದು, ಬಿಲ್ಲಿಂಗ್ ಸಾಫ್ಟ್‌ವೇರ್ ಆ ವಿಳಾಸಕ್ಕೇ ಕಳಿಸುವಂತೆ ಮಾಡುವುದು ಒಳ್ಳೆಯದು. ಫೈಲಿನಲ್ಲಿ ಯಾವುದಾದರೂ ಹೆಸರು `=` ಚಿಹ್ನೆಯಿಂದ ಶುರುವಾಗಿದ್ದರೆ ಶೀಟ್ ಅದನ್ನು ಸೂತ್ರವೆಂದು ತಿಳಿದು ಲೆಕ್ಕ ಹಾಕಲು ಹೊರಡುತ್ತದೆ. ಅಂಥ ಸಾಲು ಕಂಡರೆ ಬರೆಯದೆ ನಿಲ್ಲುವಂತೆ `saveDay`ಗೆ ಹೇಳಿಡಬೇಕು.

ಎಲ್ಲ ಜೋಡಿಸಿದ ಮೇಲೂ ಲೆಕ್ಕದ ಹೆಣ್ಣುಮಗಳು ಮೊದಲಿನಂತೆ ಕೈಯಿಂದ ಶೀಟ್ ತುಂಬುವುದನ್ನು ತಕ್ಷಣ ನಿಲ್ಲಿಸಬಾರದು. ಒಂದು ವಾರ ಎರಡೂ ತಾಳೆಯಾಯಿತೆಂದು ಕೈಬಿಡುವವರೇ ಹೆಚ್ಚು. ಆದರೆ ತಿಂಗಳ 20ರಿಂದ 27ರ ತನಕ ನೋಡಿದವರಿಗೆ ಒಂದನೇ ತಾರೀಕು ಜನವರಿಗೆ ಹಾರುವುದು ಕಾಣುವುದಿಲ್ಲ. 1ರಿಂದ 12ರೊಳಗಿನ ಕೆಲವು ದಿನ, 13ರ ಆಚೆಯ ಕೆಲವು ದಿನ, ಒಂದು ತಿಂಗಳ ಕೊನೆ, ಒಂದು ರಜೆ ಇಷ್ಟೂ ಆ ಅವಧಿಯೊಳಗೆ ಬರಬೇಕು. ಜೊತೆಗೆ ಒಂದು ರಾತ್ರಿ ಬೇಕೆಂದೇ ರಿಪೋರ್ಟ್ ಕಳಿಸದೆ ಇದ್ದು, ಕಾವಲಿನ ಸ್ಕ್ರಿಪ್ಟ್ ಮೂರು ಗಂಟೆಯೊಳಗೆ ಮಾಲೀಕರಿಗೆ ಮೇಲ್ ಮಾಡುತ್ತದೆಯೇ ಎಂದು ನೋಡಬೇಕು. ಅದೇ ದಿನ ಮಧ್ಯಾಹ್ನ ಆ ರಿಪೋರ್ಟನ್ನು ಎರಡು ಸಲ ಕಳಿಸಿದರೆ, ದಿನಚರಿಯಲ್ಲಿ ‘ಬಂದಿಲ್ಲ’ ಎಂದಿದ್ದದ್ದು ‘ಬಂತು’ ಎಂದಾಗಬೇಕು, ಮಾರಾಟ ಮಾತ್ರ ಒಂದೇ ಸಲ ಸೇರಿರಬೇಕು.